ಐದು ನಿಮಿಷದ ಇಂಟರ್ವ್ಯೂ ಉತ್ತರವನ್ನು ಎರಡು ನಿಮಿಷಕ್ಕೆ ಇಳಿಸೋದು ಹೇಗೆ?

ಪೀಣ್ಯ ಸೆಟ್ಟರ್

ಎಲ್ಲರಿಗೂ ನಮಸ್ಕಾರ. ನಾನು ಡಿಪ್ಲೊಮಾ ಮೆಕ್ಯಾನಿಕಲ್. ಪೀಣ್ಯದ ಒಂದು ಮಷಿನ್ ಶಾಪ್‌ನಲ್ಲಿ ಸಿಎನ್‌ಸಿ ಸೆಟ್ಟರ್. ನರಸಾಪುರದ ಕಡೆ ಒಂದು ದೊಡ್ಡ ಕಂಪನಿಗೆ ಪ್ರೊಸೆಸ್ ಎಂಜಿನಿಯರ್ ಕೆಲಸಕ್ಕೆ ಅರ್ಜಿ ಹಾಕಿದ್ದೇನೆ. ಮೊದಲ ರೌಂಡ್‌ನಲ್ಲಿ "ನೀವೇ ಹುಡುಕಿ ಬಗೆಹರಿಸಿದ ಒಂದು ಸಮಸ್ಯೆ ಹೇಳಿ" ಎಂದರು. ಹೇಳುತ್ತಾ ಹೋದೆ. ಮಧ್ಯದಲ್ಲೇ ತಡೆದು "ಸರಿ, ಕೊನೆಗೆ ಏನಾಯ್ತು?" ಎಂದು ಕೇಳಿದರು. ಈಗ ಎರಡನೇ ರೌಂಡ್‌ಗೆ ಕರೆದಿದ್ದಾರೆ. ಪ್ಲಾಂಟ್ ಹೆಡ್ ಕೂಡ ಇರುತ್ತಾರಂತೆ, ಇದೇ ಪ್ರಶ್ನೆ ಮತ್ತೆ ಬರುವುದು ಖಂಡಿತ.

ಪರಿಸ್ಥಿತಿ, ನಾನು ಮಾಡಿದ್ದು, ಫಲಿತಾಂಶ, ಈ ಮೂರು ಇರಬೇಕು ಅಂತ ಎಲ್ಲರೂ ಹೇಳುತ್ತಾರೆ. ನನ್ನ ಉತ್ತರದಲ್ಲಿ ಮೂರೂ ಇದೆ. ಆದರೂ ಫೋನಿನಲ್ಲಿ ರೆಕಾರ್ಡ್ ಮಾಡಿ ನೋಡಿದರೆ ಐದು ನಿಮಿಷ ದಾಟುತ್ತೆ. ಹೇಳಿದ್ದನ್ನು ಹಾಗೇ ಕೆಳಗೆ ಹಾಕಿದ್ದೇನೆ, ತೀರಾ ಉದ್ದದ ಕಡೆ ಮಾತ್ರ ಸ್ವಲ್ಪ ಬಿಟ್ಟಿದ್ದೇನೆ. ಯಾವುದನ್ನು ತೆಗೆಯಲಿ?

"ಸರ್, ನಮ್ಮ ಕಂಪನಿ ತುಂಬಾ ಹಳೇದು. ಮೊದಲು ಬರೀ ಸಾದಾ ಲೇತ್ ಇದ್ವು, ಆಮೇಲೆ ಸಿಎನ್‌ಸಿ ಬಂತು. ಈಗ ಆರು ಟರ್ನಿಂಗ್ ಸೆಂಟರ್, ಎರಡು ವಿಎಂಸಿ ಇದಾವೆ. ನಾವು ಪಂಪ್ ಕವರ್ ಮಾಡ್ತೀವಿ. ಎಫ್‌ಜಿ 260 ಕಾಸ್ಟಿಂಗು, ಬೆಳಗಾವಿಯಿಂದ ಬರುತ್ತೆ. ಕೆಲವು ಸಲ ಲೋಡ್ ಲೇಟ್ ಆಗುತ್ತೆ, ಆಗ ಎಲ್ಲರಿಗೂ ಟೆನ್ಷನ್. ಅದರಲ್ಲಿ 25 ಎಚ್7 ಬೋರ್ ಇದೆ. ಅದು ಓವರ್‌ಸೈಜ್ ಬರ್ತಿತ್ತು. ಕಸ್ಟಮರ್ ಕಡೆಯಿಂದ ಒಂದು ಕಂಪ್ಲೇಂಟೂ ಬಂತು. ಮೀಟಿಂಗ್ ಆಯ್ತು. ಕ್ವಾಲಿಟಿಯವರು ಪ್ರೊಡಕ್ಷನ್ ಅಂದ್ರು, ಪ್ರೊಡಕ್ಷನ್‌ನವರು ಟೂಲ್ ಅಂದ್ರು. ಇನ್ಸರ್ಟ್ ಕಂಪನಿಯವರನ್ನ ಕರೆಸಿದ್ವಿ. ಅವರು ಬೇರೆ ಗ್ರೇಡ್ ಕೊಟ್ರು, ಅದೂ ಹಾಕಿ ನೋಡಿದ್ವಿ. ಆಪರೇಟರ್‌ಗಳೂ ಹೊಸಬರು, ಇಬ್ಬರು ಬಿಟ್ಟು ಹೋಗಿದ್ರು. ನನಗೇನೋ ಅನುಮಾನ ಬಂತು, ಇನ್ಸರ್ಟ್ ಸವೆದ್ರೆ ಬೋರ್ ಚಿಕ್ಕದಾಗ್ಬೇಕಲ್ವಾ, ಇದು ದೊಡ್ಡದಾಗ್ತಿದೆಯಲ್ಲ ಅಂತ. ಆಮೇಲೆ ರೀಡಿಂಗ್ ತಗೊಂಡ್ವಿ. ಬೆಳಿಗ್ಗೆ ಮಷಿನ್ ತಣ್ಣಗಿರುತ್ತೆ, ಅದಕ್ಕೇ ಅಂತ ಗೊತ್ತಾಯ್ತು. ಸೂಪರ್‌ವೈಸರ್ ಮೊದಲು ಒಪ್ಪಲಿಲ್ಲ, ಪ್ರೊಡಕ್ಷನ್ ಹೋಗುತ್ತೆ ಅಂದ್ರು. ಆಮೇಲೆ ವಾರ್ಮ್‌ಅಪ್ ಮಾಡೋಣ ಅಂತ ತೀರ್ಮಾನ ಆಯ್ತು. ಪ್ರೋಗ್ರಾಮರ್ ಒಂದು ಪ್ರೋಗ್ರಾಂ ಮಾಡಿಕೊಟ್ರು. ಈಗ ರಿಜೆಕ್ಷನ್ ತುಂಬಾ ಕಡಿಮೆ ಆಗಿದೆ ಸರ್. ಆಮೇಲೆ ಬೇರೆ ಮಷಿನ್‌ಗಳಿಗೂ ಹಾಕಿದ್ದೀವಿ. ಕಸ್ಟಮರ್ ಆಡಿಟ್ ಕೂಡ ಆಯ್ತು..."

ಕೋಚಿಂಗ್ ಕಿರಣ್

ಬ್ರದರ್, ಇದಕ್ಕೆ ಸುಲಭದ ಲೆಕ್ಕ ಇದೆ. ಎರಡು ನಿಮಿಷ ಅಂದ್ರೆ 120 ಸೆಕೆಂಡ್. ಪರಿಸ್ಥಿತಿಗೆ 30, ನಿಮ್ಮ ಜವಾಬ್ದಾರಿಗೆ 30, ಮಾಡಿದ್ದಕ್ಕೆ 30, ಫಲಿತಾಂಶಕ್ಕೆ 30. ಸ್ಟಾಪ್‌ವಾಚ್ ಇಟ್ಟು ಬಾಯಿಪಾಠ ಮಾಡಿ. ಇನ್ನೊಂದು ಮಾತು: "ತುಂಬಾ ಕಡಿಮೆ ಆಗಿದೆ" ಅಂತ ಹೇಳಲೇಬಾರದು. ನಂಬರ್ ಬೇಕು. ಅದೂ ರೂಪಾಯಿಯಲ್ಲಿ. "ವರ್ಷಕ್ಕೆ ಇಷ್ಟು ಲಕ್ಷ ಉಳಿಸಿದೆ" ಅಂದ್ರೆ ಪ್ಲಾಂಟ್ ಹೆಡ್ ಕಿವಿ ನೆಟ್ಟಗಾಗುತ್ತೆ.

ಟೂಲ್‌ರೂಮ್ ರಾಯರು

ನಂಬರ್ ಬೇಕು ಎಂಬುದು ಸರಿ. ನಾಲ್ಕು ಸಮಪಾಲು ಮಾಡೋದು ಸರಿಯಲ್ಲ. ಹಾಗೆ ಹಂಚಿದರೆ ಈ ಕಥೆಯ ಒಳ್ಳೆಯ ಭಾಗಕ್ಕೇ ಜಾಗ ಸಾಲುವುದಿಲ್ಲ.

ತಮ್ಮಾ ಸೆಟ್ಟರ್, ನಿನ್ನ ಉತ್ತರವನ್ನು ಓದಿದೆ. ನಾನು ನಿವೃತ್ತನಾಗುವ ತನಕ ಟೂಲ್‌ರೂಮ್ ನೋಡಿಕೊಂಡಿದ್ದವನು, ಸೆಟ್ಟರ್‌ಗಳ ಇಂಟರ್ವ್ಯೂಗೆ ಕೂತವನು. ನಿನ್ನ ಉತ್ತರದಲ್ಲಿ ನಾನು ಪೆನ್ನು ಎತ್ತಿಕೊಳ್ಳುವ ವಾಕ್ಯ ಒಂದೇ ಒಂದು. "ಇನ್ಸರ್ಟ್ ಸವೆದ್ರೆ ಬೋರ್ ಚಿಕ್ಕದಾಗ್ಬೇಕಲ್ವಾ, ಇದು ದೊಡ್ಡದಾಗ್ತಿದೆಯಲ್ಲ." ಉಳಿದವರೆಲ್ಲ ಇನ್ಸರ್ಟ್ ಬದಲಾಯಿಸುತ್ತಾ ಕೂತಿದ್ದಾಗ ನೀನು ಇದನ್ನು ಯೋಚಿಸಿದೆ. ನಿನಗೆ ಕೆಲಸ ಕೊಡಿಸುವ ವಾಕ್ಯ ಇದು. ಅದನ್ನು ನೀನು ಬೆಳಗಾವಿ ಲೋಡು, ಬಿಟ್ಟು ಹೋದ ಆಪರೇಟರು, ಇವುಗಳ ನಡುವೆ ಹೂತು ಹಾಕಿದ್ದೀಯ.

ಆದ್ದರಿಂದ "ಯಾವುದನ್ನು ತೆಗೆಯಲಿ" ಎಂದು ಮೊದಲು ಕೇಳಬೇಡ. ಯಾವ ವಾಕ್ಯದ ಸುತ್ತ ಕಥೆ ನಿಲ್ಲಬೇಕು ಎಂದು ನೋಡು. ಆ ವಾಕ್ಯ ಅರ್ಥವಾಗೋಕೆ ಕೇಳುವವನಿಗೆ ಏನು ಗೊತ್ತಿರಬೇಕೋ ಅಷ್ಟೇ ಪರಿಸ್ಥಿತಿ. ಬೋರ್ ಎಷ್ಟು, ಟಾಲರೆನ್ಸ್ ಎಷ್ಟು, ಎಷ್ಟು ಪೀಸ್ ಹೋಗ್ತಿತ್ತು, ಎಲ್ಲರೂ ಏನು ಅಂದುಕೊಂಡಿದ್ದರು. ಅಷ್ಟು ಸಾಕು. ಆರು ಮಷಿನ್ ಇದ್ದರೇನು, ಅರವತ್ತು ಇದ್ದರೇನು?

ಈಗ ನಾನು ಕೇಳುವುದಕ್ಕೆ ಉತ್ತರ ಬರಿ. ಒಂದು: ರೀಡಿಂಗ್ ತಗೊಂಡ್ವಿ ಅಂದೆ. ಯಾರು, ಹೇಗೆ, ಎಷ್ಟು ಪೀಸಿಗೊಮ್ಮೆ? ಎರಡು: ತಣ್ಣಗಿನ ಮಷಿನ್ನೇ ಕಾರಣ, ಇನ್ಸರ್ಟ್ ಅಲ್ಲ ಅಂತ ಹೇಗೆ ಖಚಿತ ಮಾಡಿಕೊಂಡೆ? ಮೂರು: ಸೂಪರ್‌ವೈಸರ್ ಯಾಕೆ ಒಪ್ಪಲಿಲ್ಲ, ಆಮೇಲೆ ಯಾಕೆ ಒಪ್ಪಿದರು? ನಾಲ್ಕು: ಮೊದಲು ಎಷ್ಟು ಪೀಸ್ ಹೋಗ್ತಿತ್ತು, ಈಗ ಎಷ್ಟು?

ಹಾವೇರಿ ಬಿಇ

ನನ್ನದೂ ಇದೇ ತೊಂದರೆ. ರೆಸ್ಯೂಮೆ ಮೂರು ಪುಟ ಆಗಿದೆ, ಒಂದಕ್ಕೆ ಇಳಿಸಬೇಕು. ಹವ್ಯಾಸಗಳನ್ನು ತೆಗೆಯಲಾ, ಪ್ರಾಜೆಕ್ಟ್ ತೆಗೆಯಲಾ?

ಸುಮಾ ಎಚ್‌ಆರ್

ಹಾವೇರಿ ಬಿಇ, ಇಲ್ಲಿ ಮಾತಾಡ್ತಿರೋದು ಬಾಯಲ್ಲಿ ಹೇಳುವ ಉತ್ತರದ ಬಗ್ಗೆ. ರೆಸ್ಯೂಮೆ ಬೇರೆ ವಿಷಯ. ಪ್ರಾಜೆಕ್ಟ್ ಇಟ್ಟುಕೊಳ್ಳಿ, ಹವ್ಯಾಸ ತೆಗೆಯಿರಿ, ಮಿಕ್ಕಿದ್ದಕ್ಕೆ ಹೊಸ ಚರ್ಚೆ ಶುರು ಮಾಡಿ, ನಾನೇ ಬರ್ತೀನಿ.

ಸೆಟ್ಟರ್ ಅವರೇ, ಟೇಬಲ್‌ನ ಈ ಕಡೆಯಿಂದ ಒಂದು ಮಾತು. ನಮ್ಮ ಕೈಯಲ್ಲಿ ಒಂದು ಹಾಳೆ ಇರುತ್ತೆ. ನೀವು ಮಾತಾಡುವಾಗ ಅದರಲ್ಲಿ ಬರೆದುಕೊಳ್ತೀವಿ. ಆಮೇಲೆ ಪ್ಯಾನಲ್‌ನವರು ಕೂತು ಅಂಕ ಹಾಕುವಾಗ ಆ ಬರಹವೇ ಆಧಾರ. ನಿಮ್ಮ ಉತ್ತರ ಕೇಳಿ ನಾನು ಏನು ಬರೆಯಬಹುದು? "ಮೀಟಿಂಗ್ ಆಯ್ತು. ತೀರ್ಮಾನ ಆಯ್ತು. ಪ್ರೋಗ್ರಾಮರ್ ಮಾಡಿಕೊಟ್ಟರು." ನೀವು ಎಲ್ಲಿದ್ದೀರಿ? ವಾರ್ಮ್‌ಅಪ್ ಮಾಡೋಣ ಅಂತ ಹೇಳಿದ್ದು ಯಾರು? ನೀವೇ ಆಗಿದ್ದರೆ ನೀವೇ ಅಂತ ಹೇಳಬೇಕು. ನಾನು ನಾನು ಅಂತ ಹೇಳೋಕೆ ನಮ್ಮ ಜನಕ್ಕೆ ಮುಜುಗರ, ಅದು ಗೊತ್ತು. ಆದರೆ ಹೇಳದಿದ್ದರೆ ಆ ಜಾಗ ಖಾಲಿ ಉಳಿಯುತ್ತೆ. ಖಾಲಿ ಜಾಗಕ್ಕೆ ಅಂಕ ಹಾಕೋಕೆ ಬರಲ್ಲ. ಬೇರೆಯವರು ಮಾಡಿದ್ದನ್ನು ಅವರ ಹೆಸರಲ್ಲೇ ಹೇಳಿಬಿಡಿ, ಆಗ ನಿಮ್ಮದು ಯಾವುದು ಅಂತ ಇನ್ನೂ ಚೆನ್ನಾಗಿ ಕಾಣುತ್ತೆ.

ಪೀಣ್ಯ ಸೆಟ್ಟರ್

ರಾಯರೇ, ಬರೆಯುತ್ತಿದ್ದೇನೆ.

ಒಂದು. ಮಾಮೂಲಿಗೆ ಆಪರೇಟರ್ 20 ಪೀಸಿಗೊಮ್ಮೆ ಬೋರ್ ಗೇಜ್ ಹಾಕುತ್ತಾರೆ. ನಾನು ಒಂದು ಬೆಳಿಗ್ಗೆ ಸೂಪರ್‌ವೈಸರ್‌ನ ಕೇಳಿ, ಆಫ್‌ಸೆಟ್ ಮುಟ್ಟದೆ, ಪ್ರತಿ ಪೀಸೂ ಅಳೆದು ಪಕ್ಕದಲ್ಲಿ ಟೈಮ್ ಬರೆದೆ. ಆರು ಗಂಟೆಗೆ ಶುರುವಾದಾಗಿನಿಂದ ಸೈಜ್ ನಿಧಾನಕ್ಕೆ ಏರುತ್ತಾ ಹೋಯ್ತು. ಏಳೂವರೆ ಹೊತ್ತಿಗೆ ಹೆಚ್ಚುಕಡಿಮೆ 15 ಮೈಕ್ರಾನ್ ಏರಿ ಅಲ್ಲೇ ನಿಂತಿತು. 25 ಎಚ್7 ಅಂದ್ರೆ ನಮಗಿರೋದು 21 ಮೈಕ್ರಾನ್. ಆಪರೇಟರ್ ಮೊದಲ ಪೀಸಿಗೆ ಮಧ್ಯಕ್ಕೆ, ಅಂದ್ರೆ 10 ಮೈಕ್ರಾನ್‌ಗೆ, ಆಫ್‌ಸೆಟ್ ಹಾಕಿರುತ್ತಾರೆ. ಅಲ್ಲಿಂದ 15 ಏರಿದರೆ ಮೇಲಿನ ಲಿಮಿಟ್ ದಾಟುತ್ತೆ.

ಎರಡು. ಮಾರನೇ ದಿನ ಹೊಸ ಇನ್ಸರ್ಟ್ ಹಾಕಿ ಅದೇ ರೀತಿ ಅಳೆದೆ. ಅದೇ ಏರಿಕೆ. ಎರಡನೇ ಶಿಫ್ಟ್ ಶುರುವಲ್ಲಿ ಹಳೇ ಇನ್ಸರ್ಟ್‌ನಲ್ಲೇ ಅಳೆದೆ. ಏರಿಕೆ ಇಲ್ಲ, ಯಾಕಂದ್ರೆ ಮಷಿನ್ ಆಗಲೇ ಬಿಸಿ. ನಮ್ಮಲ್ಲಿ ಎರಡೇ ಶಿಫ್ಟ್, ರಾತ್ರಿ ಹತ್ತಕ್ಕೆ ಮಷಿನ್ ನಿಂತರೆ ಬೆಳಿಗ್ಗೆ ಆರಕ್ಕೇ ಶುರು. ರಿಜೆಕ್ಷನ್ ರಿಜಿಸ್ಟರ್ ತೆಗೆದು ನೋಡಿದರೆ ಓವರ್‌ಸೈಜ್ ಎಲ್ಲ ಮೊದಲ ಶಿಫ್ಟಿನದ್ದೇ.

ಮೂರು. ನಮ್ಮ ಸೈಕಲ್ ಟೈಮ್ ಸುಮಾರು ಎರಡು ನಿಮಿಷ. ಇಪ್ಪತ್ತು ನಿಮಿಷ ಖಾಲಿ ಓಡಿಸಿದರೆ ಹತ್ತು ಪೀಸ್ ಹೋಯ್ತು ಅಂತ ಸೂಪರ್‌ವೈಸರ್ ಲೆಕ್ಕ. ಸ್ಕ್ರ್ಯಾಪ್ ಆಗ್ತಿದ್ದದ್ದೇ ಒಂಬತ್ತು. ಅವರ ಮಾತಲ್ಲೂ ನ್ಯಾಯ ಇತ್ತು. ನಾನು ನೋಡಿದೆ, ಬೆಳಿಗ್ಗೆ ಶಿಫ್ಟ್ ಮೀಟಿಂಗ್, ಟ್ರಾಲಿ ತರೋದು, ಟೂಲ್ ನೋಡೋದು, ಇಷ್ಟರಲ್ಲಿ ಹೇಗೂ ಕಾಲು ಗಂಟೆ ಮಷಿನ್ ಸುಮ್ನೆ ನಿಂತಿರುತ್ತೆ. ಬಾಗಿಲು ಹಾಕಿ ಆಗಲೇ ಸ್ಪಿಂಡಲ್ ಮತ್ತು ಆಕ್ಸಿಸ್ ಓಡಿಸೋಣ ಅಂದೆ. ಅದಕ್ಕೆ ಒಪ್ಪಿದರು. ಇದು ನನ್ನ ಐಡಿಯಾ. ಪ್ರೋಗ್ರಾಂ ಬರೆದದ್ದು ಪ್ರೋಗ್ರಾಮರ್.

ನಾಲ್ಕು. ಮೊದಲ ಶಿಫ್ಟಿನಲ್ಲಿ 220 ಪೀಸಿಗೆ 12 ಹೋಗ್ತಿತ್ತು. ಈಗ ಮೂರೋ ನಾಲ್ಕೋ.

ಟೂಲ್‌ರೂಮ್ ರಾಯರು

ನೋಡು, ಇದನ್ನು ಓದಿದರೆ ಬೇರೆ ಮನುಷ್ಯನೇ ಮಾತಾಡಿದಂತಿದೆ. ಹೊಸ ಇನ್ಸರ್ಟ್ ಹಾಕಿ ಅಳೆದದ್ದು, ಬಿಸಿ ಮಷಿನ್ನಲ್ಲಿ ಹಳೇ ಇನ್ಸರ್ಟ್ ಇಟ್ಟು ಅಳೆದದ್ದು, ಎರಡೂ ನಿನ್ನ ಮೊದಲಿನ ಉತ್ತರದಲ್ಲಿ ಇರಲೇ ಇಲ್ಲ! ಐದು ನಿಮಿಷ ಮಾತಾಡಿಯೂ ಮುಖ್ಯವಾದದ್ದು ಬಿಟ್ಟು ಹೋಗಿತ್ತು. ಉದ್ದದ ಉತ್ತರಗಳಲ್ಲಿ ನಾನು ಹೆಚ್ಚಾಗಿ ಕಂಡದ್ದು ಇದನ್ನೇ. ಪರಿಸ್ಥಿತಿ ಊದಿಕೊಂಡಿರುತ್ತೆ, ಮಾಡಿದ್ದು ಒಂದು ಸಾಲಿಗೆ ಬಂದು ನಿಂತಿರುತ್ತೆ. ಹಾಗಾಗಿ ಬರೀ ಕತ್ತರಿಸಿದರೆ ಆಗಲ್ಲ. ಒಂದು ಕಡೆ ತೆಗೆದು ಇನ್ನೊಂದು ಕಡೆ ಸೇರಿಸಬೇಕು.

ಒಂದು ಅನುಮಾನ. ಒಂಬತ್ತು ಸ್ಕ್ರ್ಯಾಪ್ ಅಂದೆ, ಆಮೇಲೆ 12 ಅಂದೆ. ಯಾವುದು?

ಪೀಣ್ಯ ಸೆಟ್ಟರ್

12ರಲ್ಲಿ ಒಂಬತ್ತು ಓವರ್‌ಸೈಜ್. ಉಳಿದ ಮೂರು ಕಾಸ್ಟಿಂಗ್ ಬ್ಲೋ ಹೋಲ್. ಅದಕ್ಕೂ ವಾರ್ಮ್‌ಅಪ್‌ಗೂ ಸಂಬಂಧ ಇಲ್ಲ. ಈಗ ಬರ್ತಿರೋ ಮೂರು ನಾಲ್ಕೂ ಬಹುತೇಕ ಬ್ಲೋ ಹೋಲೇ. ಓವರ್‌ಸೈಜ್ ಒಂದು ಬಂದರೆ ಬಂತು, ಇಲ್ಲಾಂದ್ರೆ ಇಲ್ಲ.

ಟೂಲ್‌ರೂಮ್ ರಾಯರು

ಹಾಗಾದರೆ "12ರಿಂದ 3ಕ್ಕೆ" ಅಂತ ಹೇಳಬೇಡ. "ಓವರ್‌ಸೈಜ್ ಒಂಬತ್ತರಿಂದ ಸೊನ್ನೆ ಅಥವಾ ಒಂದಕ್ಕೆ" ಅನ್ನು. ನಿಜವಾದದ್ದೂ ಅದೇ, ಕೇಳೋಕೆ ದೊಡ್ಡದೂ ಅದೇ. "ಉಳಿದ ಮೂರು ಯಾಕೆ ಉಳಿದವು" ಅಂತ ಪ್ಲಾಂಟ್ ಹೆಡ್ ಕೇಳಿದರೆ ಬ್ಲೋ ಹೋಲ್ ಅಂತ ಹೇಳೋಕೆ ನಿನ್ನ ಹತ್ತಿರ ಉತ್ತರ ಇದೆ.

ಕೋಚಿಂಗ್ ಕಿರಣ್

ಎಲ್ಲ ಸರಿ, ಆದರೆ ರೂಪಾಯಿ ಎಲ್ಲಿ? ದಿನಕ್ಕೆ ಒಂಬತ್ತು ಪೀಸ್, ತಿಂಗಳಿಗೆ 25 ದಿನ ಅಂದ್ರೆ 225 ಪೀಸ್. ಒಂದಕ್ಕೆ 300 ಅಂತ ಇಟ್ಕೊಂಡ್ರೂ ವರ್ಷಕ್ಕೆ ಎಂಟು ಲಕ್ಷ. ಅದನ್ನು ಬಿಡೋದಾ?

ಸುಮಾ ಎಚ್‌ಆರ್

300 ಅನ್ನೋದು ಎಲ್ಲಿಂದ ಬಂತು ಕಿರಣ್? ಸೆಟ್ಟರ್‌ಗೆ ಪೀಸಿನ ಬೆಲೆ ಗೊತ್ತಿಲ್ಲದೆ ಇರಬಹುದು. "ಲೆಕ್ಕ ಹೇಗೆ ಹಾಕಿದ್ರಿ?" ಅಂತ ನಾವು ಕೇಳೇ ಕೇಳ್ತೀವಿ. ಅಲ್ಲಿ ತಡವರಿಸಿದರೆ ಅವರು ನಿಜವಾಗಿ ಅಳೆದ 15 ಮೈಕ್ರಾನ್ ಮೇಲೂ ಅನುಮಾನ ಬರುತ್ತೆ.

ಕೋಚಿಂಗ್ ಕಿರಣ್

ಅಂದಾಜು ಅಂತಲೇ ಹೇಳಲಿ. ಪೀಸಿನ ಬೆಲೆಯನ್ನು ಕಂಪನಿಯಲ್ಲಿ ಯಾರನ್ನಾದರೂ ಕೇಳಿದರೆ ಗೊತ್ತಾಗುತ್ತೆ. ದೊಡ್ಡವರ ಮುಂದೆ ದುಡ್ಡಿನ ಭಾಷೆಯಲ್ಲೇ ಮಾತಾಡಬೇಕು, ನಾನು ಇದನ್ನು ಬಿಟ್ಟುಕೊಡಲ್ಲ.

ಪೀಣ್ಯ ಸೆಟ್ಟರ್

ಬೆಲೆ ಅಕೌಂಟ್ಸ್‌ನವರಿಗೆ ಗೊತ್ತಿರುತ್ತೆ. ನಾನು ಬೇರೆ ಕಡೆ ಇಂಟರ್ವ್ಯೂಗೆ ಹೋಗ್ತಿರುವಾಗ ಹೋಗಿ ಕೇಳೋಕೆ ಮನಸ್ಸು ಒಪ್ಪಲ್ಲ. ಕಂಪನಿಯ ಒಳಗಿನ ಬೆಲೆಯನ್ನು ಹೊರಗೆ ಹೇಳೋದೂ ಸರಿ ಅನ್ನಿಸಲ್ಲ. ಪೀಸ್ ಲೆಕ್ಕದಲ್ಲೇ ಹೇಳ್ತೀನಿ.

ಮಂಗಳೂರು ಸಿಸ್ಟರ್

ನಿಮ್ಮದರಲ್ಲಿ ಎಣಿಸೋಕೆ ಪೀಸ್ ಆದರೂ ಇದೆ. ನಾನು ಸ್ಟಾಫ್ ನರ್ಸ್. ರಾತ್ರಿ ಪಾಳಿಯಿಂದ ಬೆಳಗಿನ ಪಾಳಿಗೆ ಹ್ಯಾಂಡ್‌ಓವರ್ ಕೊಡುವಾಗ ಬಾಯಲ್ಲೇ ಹೇಳ್ತಿದ್ದೆವು. ಯಾರಿಗೆ ಬೆಳಿಗ್ಗೆ ಉಪವಾಸದ ರಕ್ತ ಪರೀಕ್ಷೆ ಇದೆ ಅನ್ನೋದು ಮರೆತು ಹೋಗಿ, ರೋಗಿಗೆ ತಿಂಡಿ ಕೊಟ್ಟು ಬಿಡ್ತಿದ್ರು. ಪರೀಕ್ಷೆ ಮಾರನೇ ದಿನಕ್ಕೆ ಹೋಗ್ತಿತ್ತು. ನಾನು ಹಾಸಿಗೆ ನಂಬರ್ ಪ್ರಕಾರ ಒಂದು ಹಾಳೆ ಮಾಡಿ, ಉಪವಾಸ ಇರೋರ ಹಾಸಿಗೆಗೆ ಒಂದು ಕಾರ್ಡ್ ತೂಗುಹಾಕೋಕೆ ಶುರು ಮಾಡಿದೆ. ಈಗ ಹಾಗೆ ಆಗಲ್ಲ. ಆದರೆ ಮೊದಲು ಎಷ್ಟು ಸಲ ಆಗ್ತಿತ್ತು ಅಂತ ಯಾರೂ ಬರೆದಿಟ್ಟಿಲ್ಲ. ನಾನು ಏನು ಫಲಿತಾಂಶ ಹೇಳಲಿ?

ಸುಮಾ ಎಚ್‌ಆರ್

ಸಿಸ್ಟರ್, ಇಲ್ಲದ ನಂಬರ್ ಹುಟ್ಟಿಸೋಕೆ ಹೋಗಬೇಡಿ. ಕಣ್ಣಿಗೆ ಕಾಣುವ ಬದಲಾವಣೆ ಹೇಳಿ. ಆ ಕಾರ್ಡ್ ಈಗಲೂ ಬಳಕೆಯಲ್ಲಿದೆಯಾ? ನೀವು ರಜೆಯಲ್ಲಿದ್ದಾಗಲೂ ಬೇರೆಯವರು ಹಾಕ್ತಾರಾ? ತಿಂಡಿ ಕೊಡೋರು ಕಾರ್ಡ್ ನೋಡಿ ನಿಂತು ಕೇಳ್ತಾರಾ? "ನಾನಿಲ್ಲದಾಗಲೂ ನಡೀತಿದೆ" ಅನ್ನೋದು ಗಟ್ಟಿ ಫಲಿತಾಂಶ.

ಮಂಗಳೂರು ಸಿಸ್ಟರ್

ಅಡುಗೆಮನೆಯವರೇ ಈಗ "ಕಾರ್ಡ್ ಇಲ್ವಲ್ಲ, ಕೊಡಬಹುದಾ?" ಅಂತ ಕೇಳ್ತಾರೆ. ಪಕ್ಕದ ವಾರ್ಡಿನವರೂ ಮಾಡಿಕೊಂಡಿದ್ದಾರೆ. ಇದನ್ನು ಹೇಳಬಹುದು ಅಂತ ಹೊಳೆದೇ ಇರಲಿಲ್ಲ. ಧನ್ಯವಾದ ಅಕ್ಕಾ.

ಲೀಡ್ಸ್ ಕನ್ನಡತಿ

ಇಲ್ಲಿ ಇಂಗ್ಲೆಂಡಿನಲ್ಲಿ ಸಿವಿಲ್ ಸರ್ವಿಸ್ ಕೆಲಸದ ಅರ್ಜಿಯಲ್ಲಿ ಇಂಥದ್ದನ್ನೇ ಬರೆದು ಕೊಡಬೇಕು. ಒಂದೊಂದು ಉದಾಹರಣೆಗೂ ಸಾಮಾನ್ಯವಾಗಿ 250 ಪದದ ಮಿತಿ. ನನಗೆ ಸರಿಹೋದ ಲೆಕ್ಕ: ಪರಿಸ್ಥಿತಿಗೆ ಐವತ್ತು ಪದದೊಳಗೆ, ಮಾಡಿದ್ದಕ್ಕೆ ನೂರೈವತ್ತು, ಉಳಿದದ್ದು ಫಲಿತಾಂಶಕ್ಕೆ. ಬರೆದದ್ದು ಮಿತಿ ಮೀರಿದರೆ ಮೊದಲು ಪರಿಸ್ಥಿತಿಗೆ ಕೈ ಹಾಕ್ತೀನಿ. ಆದರೆ ಬಾಯಲ್ಲಿ ಹೇಳುವಾಗ ಪದ ಎಣಿಸೋದು ಉಪಯೋಗಕ್ಕೆ ಬರಲ್ಲ, ರೆಕಾರ್ಡ್ ಮಾಡಿ ಕೇಳೋದೇ ಒಳ್ಳೇದು.

ಪೀಣ್ಯ ಸೆಟ್ಟರ್

ಎಲ್ಲರ ಮಾತು ಸೇರಿಸಿ ಹೊಸದಾಗಿ ಬರೆದಿದ್ದೇನೆ. ಸರಾಗವಾಗಿ ಹೇಳಿದರೆ ಎರಡು ನಿಮಿಷದೊಳಗೆ ಮುಗಿಯುತ್ತೆ.

"ನಾನು ಪಂಪ್ ಕವರ್ ಲೈನಿನಲ್ಲಿ ಸೆಟ್ಟರ್. ಅದರಲ್ಲಿ 25 ಎಚ್7 ಬೋರ್ ಇದೆ, 21 ಮೈಕ್ರಾನ್ ಒಳಗೆ ಇರಬೇಕು. ಮೊದಲ ಶಿಫ್ಟಿನಲ್ಲಿ 220 ಪೀಸಿಗೆ ಒಂಬತ್ತು ಓವರ್‌ಸೈಜ್ ಆಗಿ ಸ್ಕ್ರ್ಯಾಪ್‌ಗೆ ಹೋಗ್ತಿದ್ವು. ಇನ್ಸರ್ಟ್ ತೊಂದರೆ ಅಂತ ಗ್ರೇಡ್ ಕೂಡ ಬದಲಾಯಿಸಿ ಆಗಿತ್ತು, ನಿಂತಿರಲಿಲ್ಲ.

ಇನ್ಸರ್ಟ್ ಸವೆದ್ರೆ ಬೋರ್ ಚಿಕ್ಕದಾಗಬೇಕು. ಇಲ್ಲಿ ದೊಡ್ಡದಾಗ್ತಿತ್ತು. ಅದಕ್ಕೆ ನಾನು ರಿಜೆಕ್ಷನ್ ರಿಜಿಸ್ಟರ್ ನೋಡಿದೆ, ಓವರ್‌ಸೈಜ್ ಎಲ್ಲ ಮೊದಲ ಶಿಫ್ಟಿನದ್ದೇ. ಒಂದು ಬೆಳಿಗ್ಗೆ ಆಫ್‌ಸೆಟ್ ಮುಟ್ಟದೆ ಪ್ರತಿ ಪೀಸೂ ಅಳೆದೆ. ಆರರಿಂದ ಏಳೂವರೆ ತನಕ ಸೈಜ್ 15 ಮೈಕ್ರಾನ್ ಏರಿ ನಿಂತಿತು. ಮಾರನೇ ದಿನ ಹೊಸ ಇನ್ಸರ್ಟ್ ಹಾಕಿದೆ, ಅದೇ ಏರಿಕೆ. ಎರಡನೇ ಶಿಫ್ಟಿನಲ್ಲಿ ಬಿಸಿ ಮಷಿನ್ನಲ್ಲಿ ಹಳೇ ಇನ್ಸರ್ಟ್ ಇಟ್ಟೇ ಅಳೆದೆ, ಏರಿಕೆ ಇಲ್ಲ. ರಾತ್ರಿಯೆಲ್ಲ ನಿಂತ ಮಷಿನ್ ಬಿಸಿಯಾಗುವಾಗ ಸೈಜ್ ಜರುಗುತ್ತೆ ಅಂತ ಖಚಿತವಾಯ್ತು.

ವಾರ್ಮ್‌ಅಪ್ ಕೊಡೋಣ ಅಂದೆ. ಇಪ್ಪತ್ತು ನಿಮಿಷಕ್ಕೆ ಹತ್ತು ಪೀಸ್ ಹೋಗುತ್ತೆ ಅಂತ ಸೂಪರ್‌ವೈಸರ್ ಅಂದ್ರು, ಅದು ಸರಿಯಾದ ಪ್ರಶ್ನೆ. ಶಿಫ್ಟ್ ಮೀಟಿಂಗು, ಟ್ರಾಲಿ ತರೋದು, ಇದರಲ್ಲಿ ಮಷಿನ್ ಹೇಗೂ ಕಾಲು ಗಂಟೆ ನಿಂತಿರುತ್ತೆ. ಆ ಹೊತ್ತಲ್ಲೇ ಓಡಿಸೋಣ ಅಂತ ಹೇಳಿದೆ, ಒಪ್ಪಿದ್ರು. ಪ್ರೋಗ್ರಾಮರ್ ವಾರ್ಮ್‌ಅಪ್ ಪ್ರೋಗ್ರಾಂ ಬರೆದುಕೊಟ್ರು. ಮೊದಲ ಒಂದು ಗಂಟೆ 20ರ ಬದಲು ಐದು ಪೀಸಿಗೊಮ್ಮೆ ಅಳೆಯೋ ಹಾಗೆ ನಾನು ಬದಲಾಯಿಸಿದೆ.

ಓವರ್‌ಸೈಜ್ ದಿನಕ್ಕೆ ಒಂಬತ್ತರಿಂದ ಸೊನ್ನೆ ಅಥವಾ ಒಂದಕ್ಕೆ ಬಂತು. ಈಗ ಆರು ಟರ್ನಿಂಗ್ ಸೆಂಟರ್‌ಗೂ ಅದೇ ಪ್ರೋಗ್ರಾಂ ಇದೆ."

ಟೂಲ್‌ರೂಮ್ ರಾಯರು

ಚೆನ್ನಾಗಿದೆ. ಕಾಲು ಗಂಟೆ, ಇಪ್ಪತ್ತು ನಿಮಿಷ ಎರಡೂ ಬರ್ತಿದೆ. ಉಳಿದ ಐದು ನಿಮಿಷಕ್ಕೆ ಏನು ಮಾಡಿದಿರಿ? ನಾನಾಗಿದ್ದರೆ ಅದನ್ನೇ ಕೇಳುತ್ತಿದ್ದೆ.

ಪೀಣ್ಯ ಸೆಟ್ಟರ್

ಪ್ರೋಗ್ರಾಂ 15 ನಿಮಿಷದ್ದೇ ಮಾಡಿದೆವು. ಅಷ್ಟಕ್ಕೆ ಪೂರ್ತಿ 15 ಮೈಕ್ರಾನ್ ಹೋಗಲ್ಲ, ಮೂರ್ನಾಲ್ಕು ಇನ್ನೂ ಏರುತ್ತೆ. ಮಧ್ಯಕ್ಕೆ ಸೆಟ್ ಮಾಡಿದರೆ ಅಷ್ಟು ತಡೆದುಕೊಳ್ಳುತ್ತೆ. ಅದಕ್ಕೇ ಐದು ಪೀಸಿಗೊಮ್ಮೆ ಅಳೆಯೋದು ಸೇರಿಸಿದ್ದು.

ಟೂಲ್‌ರೂಮ್ ರಾಯರು

ಇದನ್ನು ಉತ್ತರದೊಳಗೆ ಹಾಕಬೇಡ. ಕೇಳಿದಾಗ ಕೊಡು. ನೀನು ತೆಗೆದುಹಾಕಿದ್ದೆಲ್ಲ ವ್ಯರ್ಥ ಅಲ್ಲ, ಮುಂದಿನ ಪ್ರಶ್ನೆಗೆ ಇಟ್ಟುಕೊಂಡ ಉತ್ತರ ಅದು. ನಿನಗೆ ಬರಬಹುದಾದ ಇನ್ನೊಂದು: "ಬೋರ್ ದೊಡ್ಡದಾಗೋಕೆ ಬಿಲ್ಟ್ ಅಪ್ ಎಡ್ಜ್ ಕೂಡ ಕಾರಣ ಆಗಬಹುದಲ್ಲ, ಅದನ್ನು ಯಾಕೆ ಬಿಟ್ಟಿರಿ?" ಏನು ಹೇಳ್ತೀಯ?

ಪೀಣ್ಯ ಸೆಟ್ಟರ್

ಎರಕದ ಕಬ್ಬಿಣದ ಚಿಪ್ಸ್ ಪುಡಿಯಾಗಿ ಬರುತ್ತೆ, ಅಂಟೋದು ಕಡಿಮೆ. ಅದು ಅಲ್ಯೂಮಿನಿಯಂ, ಮೆತ್ತಗಿನ ಸ್ಟೀಲ್‌ನಲ್ಲಿ ಜಾಸ್ತಿ. ಅದೇ ಕಾರಣ ಆಗಿದ್ದರೆ ಎರಡನೇ ಶಿಫ್ಟಿನಲ್ಲೂ ಬರಬೇಕಿತ್ತು, ಸೈಜ್ ಹೀಗೆ ಒಂದೇ ಸಮ ಏರದೆ ಹೆಚ್ಚು ಕಡಿಮೆ ಆಗಬೇಕಿತ್ತು.

ಟೂಲ್‌ರೂಮ್ ರಾಯರು

ಸಾಕು. ಅಷ್ಟೇ ಹೇಳಿ ನಿಲ್ಲಿಸು.

ಸುಮಾ ಎಚ್‌ಆರ್

ನನ್ನದೊಂದು ಸಣ್ಣ ಮಾತು. ಬರೆದದ್ದನ್ನು ಪೂರ್ತಿ ಬಾಯಿಪಾಠ ಮಾಡಬೇಡಿ. ಒಂದು ಪದ ಮರೆತರೆ ಅಲ್ಲೇ ನಿಂತುಬಿಡ್ತೀರಿ, ಅದು ನಮಗೆ ತಕ್ಷಣ ಗೊತ್ತಾಗುತ್ತೆ. ಮೊದಲ ವಾಕ್ಯ ಮತ್ತು ಕೊನೆಯ ವಾಕ್ಯ ಗಟ್ಟಿ ಇರಲಿ. ಮಧ್ಯದ್ದು ನೀವೇ ಮಾಡಿದ ಕೆಲಸ, ಕ್ರಮ ನೆನಪಿದ್ದರೆ ಮಾತು ತಾನಾಗಿ ಬರುತ್ತೆ. ಕೊನೆಯ ವಾಕ್ಯ ಹೇಳಿದ ಮೇಲೆ ಸುಮ್ಮನಿರಿ. ನಾವು ಬರೆದುಕೊಳ್ಳುವಾಗ ಸ್ವಲ್ಪ ಹೊತ್ತು ಯಾರೂ ಮಾತಾಡಲ್ಲ. ಆ ಮೌನಕ್ಕೆ ಗಾಬರಿಯಾಗಿ "ಆಮೇಲೆ ಆಡಿಟ್ ಕೂಡ ಆಯ್ತು ಸರ್" ಅಂತ ಶುರು ಮಾಡಿದರೆ ಮತ್ತೆ ಐದು ನಿಮಿಷ.

ಕೋಚಿಂಗ್ ಕಿರಣ್

ಬಾಯಿಪಾಠ ಬೇಡ ಅನ್ನೋದು ಮಾತು ಬರೋರಿಗೆ. ನನ್ನ ಹತ್ತಿರ ಬರೋ ಹುಡುಗರಲ್ಲಿ ಹಲವರಿಗೆ ಇಂಗ್ಲಿಷಿನಲ್ಲಿ ಹೇಳೋಕೆ ಭಯ. ಅವರಿಗೆ ವಾಕ್ಯ ಗಟ್ಟಿ ಇದ್ದರೇ ಧೈರ್ಯ.

ಪೀಣ್ಯ ಸೆಟ್ಟರ್

ಕಿರಣ್ ಹೇಳಿದ್ದು ನನಗೂ ಅನ್ವಯಿಸುತ್ತೆ. ಮೊದಲ ರೌಂಡ್‌ನಲ್ಲಿ ಕನ್ನಡ ಇಂಗ್ಲಿಷ್ ಎರಡೂ ಸೇರಿಸಿ ಹೇಳಿದೆ, ಅವರೂ ಹಾಗೇ ಮಾತಾಡಿದರು. ಪ್ಲಾಂಟ್ ಹೆಡ್ ಬೇರೆ ರಾಜ್ಯದವರು ಅಂತ ಕೇಳಿದೆ. ಇಂಗ್ಲಿಷಿನಲ್ಲಿ ಒಮ್ಮೆ ರೆಕಾರ್ಡ್ ಮಾಡಿ ನೋಡ್ತೀನಿ.

ಇನ್ನೊಂದು ಪ್ರಶ್ನೆ. "ಮೇಲಿನವರ ಜೊತೆ ಭಿನ್ನಾಭಿಪ್ರಾಯ ಬಂದಾಗ ಏನು ಮಾಡಿದಿರಿ?" ಅಂತಲೂ ಕೇಳ್ತಾರಂತೆ. ಅದಕ್ಕೂ ಇದೇ ಕಥೆ ಹೇಳಬಹುದಾ?

ಟೂಲ್‌ರೂಮ್ ರಾಯರು

ಹೇಳಬಹುದು, ತೂಕ ಬದಲಾಗಬೇಕು. ಆಗ ಮೈಕ್ರಾನ್, ಇನ್ಸರ್ಟ್ ಎಲ್ಲ ಒಂದೇ ವಾಕ್ಯ. ಹೀಗೆ ಶುರು ಮಾಡು: "ಬೆಳಿಗ್ಗೆ ಮಷಿನ್ ಬಿಸಿ ಮಾಡಿದರೆ ದಿನಕ್ಕೆ ಒಂಬತ್ತು ಪೀಸ್ ಸ್ಕ್ರ್ಯಾಪ್ ಆಗೋದು ತಪ್ಪುತ್ತೆ ಅಂತ ನಾನು ಹೇಳಿದೆ, ಹತ್ತು ಪೀಸ್ ಪ್ರೊಡಕ್ಷನ್ ಹೋಗುತ್ತೆ ಅಂತ ನಮ್ಮ ಸೂಪರ್‌ವೈಸರ್ ಹೇಳಿದರು." ಇಬ್ಬರ ಲೆಕ್ಕವೂ ಸರಿ ಅಂತ ಕೇಳುವವರಿಗೆ ಕಾಣಬೇಕು. ಆಮೇಲೆ ನೀನು ನಿಂತ ಮಷಿನ್ನಿನ ಕಾಲು ಗಂಟೆ ಹೇಗೆ ಕಂಡುಕೊಂಡೆ ಎಂಬುದನ್ನು ವಿವರವಾಗಿ ಹೇಳು. ಶಿಫ್ಟ್ ಶುರುವಲ್ಲಿ ನಿಂತು ನೋಡಿದೆಯಾ, ಟೈಮ್ ಬರೆದುಕೊಂಡೆಯಾ? ಅವರ ಮುಂದೆ ಹೇಗೆ ಇಟ್ಟೆ? ಈ ಪ್ರಶ್ನೆಗೆ ಅದೇ ಮುಖ್ಯ.

ಸುಮಾ ಎಚ್‌ಆರ್

ರಾಯರು ಹೇಳಿದ್ದು ಸರಿ, ಆದರೆ ಅದೇ ಪ್ಯಾನಲ್ ಮುಂದೆ ಎರಡೂ ಪ್ರಶ್ನೆಗೆ ಒಂದೇ ಕಥೆ ಹೇಳಿದರೆ ಇವರ ಹತ್ತಿರ ಇರೋದು ಇದೊಂದೇ ಅನ್ನಿಸುತ್ತೆ. ಮೊದಲ ಪ್ರಶ್ನೆಗೆ ಇದನ್ನು ಹೇಳಿದ್ದರೆ ಎರಡನೆಯದಕ್ಕೆ ಬೇರೆ ಇರಲಿ. ಆಪರೇಟರ್‌ಗಳು ಬಿಟ್ಟು ಹೋಗಿದ್ದರು, ಹೊಸಬರು ಬಂದರು ಅಂದ್ರಲ್ಲ, ಅವರಿಗೆ ಕೆಲಸ ಕಲಿಸಿದ್ದು ನೀವೇನಾ?

ಪೀಣ್ಯ ಸೆಟ್ಟರ್

ಹೌದು, ಇಬ್ಬರಿಗೂ ನಾನೇ. ಒಬ್ಬ ಬೋರ್ ಗೇಜ್ ಓದೋದರಲ್ಲೇ ತಪ್ಪು ಮಾಡ್ತಿದ್ದ. ಅವನ ವಿಷಯದಲ್ಲಿ ಸೂಪರ್‌ವೈಸರ್‌ಗೂ ನನಗೂ ಸ್ವಲ್ಪ ಮಾತು ಬಂದಿತ್ತು. ಅದನ್ನು ಇದೇ ರೀತಿ ಉದ್ದಕ್ಕೆ ಬರೆದು ಇವತ್ತು ರಾತ್ರಿ ಹಾಕ್ತೀನಿ, ನೋಡಿ ಹೇಳಿ.